ನಾಲ್ಕೈದೇ ರೋಗಿಗಳಿದ್ದರೆ ಥೀಸಿಸ್ ಆಗುತ್ತಾ?

ಪ್ರಶ್ನೆ: ಸ್ಪೀಚ್ ಥೆರಪಿಯಲ್ಲಿ ಎಂ.ಎಸ್ಸಿ. ಮಾಡ್ತಿದ್ದೀನಿ. ಕೊಡಗಿನಲ್ಲೇ ಡೇಟಾ ತಗೋಬೇಕು. ಸ್ಟ್ರೋಕ್ ಆಗಿ ಮಾತು ತಪ್ಪಿದವರು ನನಗೆ ಸಿಗೋದು ನಾಲ್ಕೈದು ಜನ. ಗೈಡ್ 30 ಜನ ಬೇಕು ಅಂತಾರೆ. ಸಿಂಗಲ್ ಕೇಸ್ ಡಿಸೈನ್ ಮಾಡಬಹುದಾ? ಬೇಸ್‌ಲೈನ್ ಎಷ್ಟು ದಿನ ಇರಬೇಕು?

ಮಾಡಬಹುದು. ಒಬ್ಬೊಬ್ಬ ರೋಗಿಯನ್ನೂ ಪದೇಪದೇ ಅಳೆದು, ಅವರನ್ನು ಅವರ ಜೊತೆಗೇ ಹೋಲಿಸುವ ವಿನ್ಯಾಸ ಅದು. ನಿಮ್ಮ ಪರಿಸ್ಥಿತಿಗೆ ಅದೇ ಸರಿ ಅಂತ ನನ್ನ ಅಭಿಪ್ರಾಯ. ನಾನೂ ವಿರಾಜಪೇಟೆ ಕಡೆ ಅಫೇಸಿಯಾ, ಅಂದರೆ ಮೆದುಳಿಗೆ ಪೆಟ್ಟಾಗಿ ಮಾತು ತಪ್ಪಿದ ರೋಗಿಗಳ ಜೊತೆ ಕೆಲಸ ಮಾಡುವವಳು. ಇಲ್ಲಿ 30 ಜನರನ್ನು ಕೂಡಿಸಲು ಹೊರಟರೆ ಒಬ್ಬರಿಗೆ ಸ್ಟ್ರೋಕ್ ಆಗಿ ಎರಡು ತಿಂಗಳು, ಇನ್ನೊಬ್ಬರಿಗೆ ಆರು ವರ್ಷ. ಒಬ್ಬರಿಗೆ ಪದ ಸಿಗಲ್ಲ, ಇನ್ನೊಬ್ಬರಿಗೆ ಹೇಳಿದ್ದೇ ಅರ್ಥವಾಗಲ್ಲ. ಇವರ ಸರಾಸರಿ ತೆಗೆದರೆ ಆ ಸಂಖ್ಯೆ ಯಾರನ್ನೂ ಹೋಲಲ್ಲ.

ಆದರೆ ಒಬ್ಬ ರೋಗಿಗೆ ಥೆರಪಿಗೆ ಮುಂಚೆ ಒಂದು ಟೆಸ್ಟ್, ಆಮೇಲೆ ಒಂದು ಟೆಸ್ಟ್ ಮಾಡಿದರೆ ಅದು ಸಿಂಗಲ್ ಕೇಸ್ ಪ್ರಯೋಗ ಅಲ್ಲ, ಬರೀ ಕೇಸ್ ವರದಿ. ಪ್ರಯೋಗ ಆಗೋದು ಥೆರಪಿಗೆ ಮುಂಚೆ ಪದೇಪದೇ ಅಳೆಯುವ ಬೇಸ್‌ಲೈನ್‌ನಿಂದ. ನಮ್ಮ ತೋಟಗಳಲ್ಲಿ ಮಳೆ ಲೆಕ್ಕ ಬರೆದಿಡ್ತಾರಲ್ವಾ? ಒಂದು ದಿನ ಎಷ್ಟು ಇಂಚು, ಎಷ್ಟು ಸೆಂಟು ಬಿತ್ತು ಅಂತ ನೋಡಿ ಯಾರೂ ಆ ವರ್ಷದ ಮಳೆ ಹೇಗಿದೆ ಅಂತ ಹೇಳಲ್ಲ. ಬೇಸ್‌ಲೈನ್ ಕೂಡ ಹಾಗೆ. ಥೆರಪಿ ಕೊಡದೇ ಇದ್ದಿದ್ದರೆ ಮುಂದೆ ಏನಾಗುತ್ತಿತ್ತು ಅಂತ ಊಹಿಸಲು ಆಗುವಷ್ಟು ಸಲ ಅಳೆದಿರಬೇಕು.

ಒಂದು ಉದಾಹರಣೆ ಕಟ್ಟೋಣ. ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು ಒಬ್ಬರು, ಸ್ಟ್ರೋಕ್ ಆಗಿ ಒಂಬತ್ತು ತಿಂಗಳು. ಮಾತು ಅರ್ಥವಾಗುತ್ತೆ. ಏಣಿಯ ಚಿತ್ರ ತೋರಿಸಿದರೆ ಕೈಯಲ್ಲಿ ಹತ್ತುವ ಸನ್ನೆ ಮಾಡ್ತಾರೆ, ಪದ ಬರಲ್ಲ. ಇಲ್ಲಿ ಎ-ಬಿ-ಎ-ಬಿ, ಅಂದರೆ ಚಿಕಿತ್ಸೆ ಕೊಟ್ಟು, ನಿಲ್ಲಿಸಿ, ಮತ್ತೆ ಕೊಡುವ ವಿನ್ಯಾಸ ನಡೆಯಲ್ಲ. ಕಲಿತ ಪದವನ್ನು ವಾಪಸ್ ತೆಗೆಯೋಕಾಗುತ್ತಾ? ಅದಕ್ಕೇ ಮಲ್ಟಿಪಲ್ ಬೇಸ್‌ಲೈನ್ ಬೇಕು. ಮೂರು ಪಟ್ಟಿ, ಒಂದೊಂದರಲ್ಲಿ 20 ಪದ. ಮೂರನ್ನೂ ಮೊದಲ ದಿನದಿಂದಲೇ ಅಳೆಯುತ್ತಾ ಹೋಗೋದು, ಥೆರಪಿ ಮಾತ್ರ ಒಂದಾದ ಮೇಲೊಂದು ಪಟ್ಟಿಗೆ.

ಪಟ್ಟಿ ಮಾಡುವಾಗಲೇ ದೊಡ್ಡ ಗುಂಡಿ ಇದೆ. ಒಂದು ದಿನ ನೂರಾರು ಚಿತ್ರ ತೋರಿಸಿ, ಅವತ್ತು ತಪ್ಪಿದ್ದನ್ನೆಲ್ಲ ಆರಿಸಿದರೆ, ಮುಂದಿನ ಸಲ ಅಂಕ ತಾನಾಗೇ ಏರುತ್ತೆ. ಯಾಕೆಂದರೆ ಕೆಲವು ಪದ ಅವತ್ತು ಸುಮ್ನೆ ಕೈಕೊಟ್ಟಿದ್ದವು, ಅಷ್ಟೆ. ಎರಡು ಮೂರು ಸಲ ತೋರಿಸಿ, ಹೆಚ್ಚಿನ ಸಲ ತಪ್ಪಿದ ಪದಗಳನ್ನೇ ತೆಗೆದುಕೊಳ್ಳಿ. ಮೂರೂ ಪಟ್ಟಿಗಳ ಪದಗಳ ಉದ್ದ, ಬಳಕೆ ಹೆಚ್ಚುಕಮ್ಮಿ ಒಂದೇ ಇರಲಿ. ಕಾಳುಮೆಣಸು, ಏಲಕ್ಕಿಯಂಥ ನೆಂಟ ಪದಗಳನ್ನು ಒಂದೇ ಪಟ್ಟಿಯಲ್ಲಿ ಇಡಿ. ಬೇರೆ ಬೇರೆ ಪಟ್ಟಿಗೆ ಹಂಚಿದರೆ ಒಂದರ ಥೆರಪಿ ಇನ್ನೊಂದಕ್ಕೆ ಸೋರುತ್ತೆ. ಮನೆಯಲ್ಲಿ ಕೊಡವ ತಕ್ಕ್ ಆಡುವವರಾದರೆ, ಅದರಲ್ಲಿ ಹೇಳಿದ ಉತ್ತರ ಸರಿಯೋ ತಪ್ಪೋ ಅಂತ ಶುರುವಿಗೆ ಮುಂಚೆಯೇ ಬರೆದಿಡಿ. ಮಧ್ಯದಲ್ಲಿ ನಿಯಮ ಬದಲಾದರೆ ಗ್ರಾಫ್ ಕೆಡುತ್ತೆ.

ಈಗ ಬೇಸ್‌ಲೈನ್ ಎಷ್ಟು ಅನ್ನೋದು. ದಿನದ ಲೆಕ್ಕ ಮುಖ್ಯ ಅಲ್ಲ, ಅಳತೆಗಳ ಲೆಕ್ಕ ಮುಖ್ಯ. ಒಂದು ಹಂತಕ್ಕೆ ಕನಿಷ್ಠ 3 ಅಂತ ಹೇಳ್ತಾರೆ, ನಾನು 5ಕ್ಕಿಂತ ಕಡಿಮೆ ಒಪ್ಪಲ್ಲ. ನಮ್ಮ ರೈಟರ್ ಮೊದಲ ಪಟ್ಟಿಯಲ್ಲಿ 4, 5, 4, 5, 4 ಸರಿ ಹೇಳಿದರು ಅಂದುಕೊಳ್ಳಿ. ಇದು ಸಮವಾಗಿದೆ, ಥೆರಪಿ ಶುರು ಮಾಡಬಹುದು. ಅದೇ 3, 5, 6, 8, 9 ಬಂದಿದ್ದರೆ ಶುರು ಮಾಡಬೇಡಿ, ಅಳತೆ ಮುಂದುವರಿಸಿ. ತಾನಾಗೇ ಏರುತ್ತಿರುವ ಗೆರೆಯ ಮೇಲೆ ಥೆರಪಿ ಇಟ್ಟರೆ ಯಾವುದು ನಿಮ್ಮದು, ಯಾವುದು ಅವರ ಮೆದುಳಿನದ್ದು ಅಂತ ಹೇಗೆ ಹೇಳ್ತೀರಿ? ಸ್ಟ್ರೋಕ್ ಆದ ಮೊದಲ ವಾರಗಳಲ್ಲಿ ಈ ವಿನ್ಯಾಸ ಕಷ್ಟ ಅನ್ನೋದು ಇದಕ್ಕೇ. ಅಂಕ 2, 9, 4, 11 ಅಂತ ಕುಣಿದರೆ ಕಾರಣ ಹುಡುಕಿ. ಒಂದು ದಿನ ಬೆಳಿಗ್ಗೆ ಆರಾಮಾಗಿ ಮನೆಯಲ್ಲಿ ಅಳೆದು, ಇನ್ನೊಂದು ದಿನ ಘಾಟಿ ರಸ್ತೆಯಲ್ಲಿ ಬಸ್ಸು ಹತ್ತಿ ಬಂದು ಸುಸ್ತಾದವರನ್ನು ಮಧ್ಯಾಹ್ನ ಅಳೆದರೆ ಹಾಗೇ ಆಗೋದು. ಜಾಗ, ಹೊತ್ತು ಎರಡೂ ಒಂದೇ ಇರಲಿ.

ಆರನೇ ಸಲದಿಂದ ಮೊದಲ ಪಟ್ಟಿಗೆ ಥೆರಪಿ. ಏಣಿಯ ಚಿತ್ರ ಇಟ್ಟು "ಇದರಲ್ಲಿ ಏನು ಮಾಡ್ತೀರಿ? ಎಲ್ಲಿ ಇಡ್ತೀರಿ? ಯಾವುದರಿಂದ ಮಾಡಿರ್ತಾರೆ?" ಅಂತ ಕೇಳುತ್ತಾ, ಮೆಣಸು ಕುಯ್ಯುವುದು, ಬಿದಿರು ಅನ್ನೋ ಸುತ್ತಲಿನ ವಿಷಯ ಹೇಳಿಸಿ ಪದಕ್ಕೆ ಬರುವ ವಿಧಾನ. ಅಂಕ 7, 10, 13 ಅಂತ ಏರಿತು. ಅದೇ ಹೊತ್ತಿಗೆ ಎರಡನೇ, ಮೂರನೇ ಪಟ್ಟಿ ನಾಲ್ಕೈದರಲ್ಲೇ ನಿಂತಿವೆ. ಎಂಟು ಅಳತೆಯ ನಂತರ ಎರಡನೆಯದಕ್ಕೆ ಥೆರಪಿ ಸೇರಿತು, ಆಗಲೇ ಅದು ಏರಿತು. ಹನ್ನೊಂದರ ನಂತರ ಮೂರನೆಯದೂ ಹಾಗೇ. ಥೆರಪಿ ಮುಟ್ಟಿದಾಗಲೇ, ಮುಟ್ಟಿದ ಪಟ್ಟಿಯೇ ಏರಿದೆ. ಮೂರು ಸಲ, ಮೂರು ಬೇರೆ ಹೊತ್ತಿನಲ್ಲಿ. ಇದಕ್ಕೆ "ತಾನಾಗೇ ಗುಣವಾಯ್ತು" ಅನ್ನೋ ವಿವರಣೆ ಹೊಂದಲ್ಲ. ರೋಗಿಯೂ ಥೆರಪಿ ಇಲ್ಲದೆ ತಿಂಗಳುಗಟ್ಟಲೆ ಕಾಯಬೇಕಿಲ್ಲ, ಕಾಯೋದು ಪಟ್ಟಿ ಮಾತ್ರ. ನನಗೆ ಈ ವಿನ್ಯಾಸ ಇಷ್ಟವಾಗಲು ಇದೊಂದೇ ಕಾರಣ ಸಾಕು. ಯಾವ ಪಟ್ಟಿ ಮೊದಲು ಅನ್ನೋದನ್ನು ಚೀಟಿ ಎತ್ತಿ ನಿರ್ಧರಿಸಿ.

ಮೊದಲ ಪಟ್ಟಿಗೆ ಥೆರಪಿ ಕೊಟ್ಟಾಗಲೇ ಎರಡನೆಯದೂ ಏರಿಬಿಟ್ಟರೆ? ಪ್ರಯೋಗ ಅಲ್ಲಿ ಬಲ ಕಳೆದುಕೊಳ್ಳುತ್ತೆ. ಥೆರಪಿಯೇ ಹರಡಿರಬಹುದು, ಗುಣವಾಗುತ್ತಿರಬಹುದು, ಅಥವಾ ಅದೇ ಚಿತ್ರಗಳನ್ನು ಪದೇಪದೇ ನೋಡಿದ್ದೇ ಅಭ್ಯಾಸ ಆಗಿರಬಹುದು. ಅದಕ್ಕೆ ಎರಡು ಕಾವಲು ಇಡಿ. ಒಂದು, ನೀವು ಮುಟ್ಟದ ಬೇರೆ ಸಾಮರ್ಥ್ಯ, ಉದಾಹರಣೆಗೆ ಅಂಕಿಗಳನ್ನು ಓದುವುದು. ಅದೂ ಏರಿದರೆ ಒಟ್ಟಾರೆ ಗುಣವಾಗುತ್ತಿದೆ ಅನ್ನಬಹುದು. ಇನ್ನೊಂದು, ಆರಂಭ ಮತ್ತು ಕೊನೆಯಲ್ಲಿ ಮಾತ್ರ ಕೇಳುವ ಕೆಲವು ಪದ. ಥೆರಪಿ ಮುಟ್ಟುವ ಮುಂಚೆಯೇ ಪಟ್ಟಿಯ ಪದಗಳು ಏರಿ, ಇವು ಏರದಿದ್ದರೆ ಅಭ್ಯಾಸದ ಅನುಮಾನ ಬರುತ್ತೆ. ಅಳೆಯುವಾಗ ಸರಿ-ತಪ್ಪು ಹೇಳಿಕೊಡಬೇಡಿ.

ಉತ್ತರಗಳನ್ನು ರೆಕಾರ್ಡ್ ಮಾಡಿ. ಪ್ರತಿ ಹಂತದಲ್ಲೂ ಕನಿಷ್ಠ 20% ಅಳತೆಗಳನ್ನು, ಯಾವುದು ಯಾವ ಹಂತದ್ದು ಅಂತ ಗೊತ್ತಿಲ್ಲದ ಇನ್ನೊಬ್ಬರಿಂದ ಅಂಕ ಹಾಕಿಸಿ. ವಿಶ್ಲೇಷಣೆಗೆ ಎರಡು ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್ ಬೇಡ. ಒಬ್ಬರದೇ ಇಂದಿನ ಅಂಕ ನಿನ್ನೆಯದಕ್ಕೆ ಅಂಟಿಕೊಂಡಿರುತ್ತೆ, ಟಿ-ಟೆಸ್ಟ್ ಅವನ್ನು ಬಿಡಿಬಿಡಿ ಅಂತ ಎಣಿಸುತ್ತೆ. ಮೊದಲು ಗ್ರಾಫ್ ನೋಡಿ: ಮಟ್ಟ, ಇಳಿಜಾರು, ಏರಿಳಿತ, ಬದಲಾವಣೆ ಎಷ್ಟು ಬೇಗ ಬಂತು, ಎರಡು ಹಂತದ ಅಂಕಗಳು ಎಷ್ಟು ಬೆರೆತಿವೆ.

ಗೈಡ್ ಹೇಳೋದರಲ್ಲೂ ಸತ್ಯ ಇದೆ. "ಈ ಥೆರಪಿಯನ್ನು ಎಲ್ಲಾ ಜಿಲ್ಲಾ ಆಸ್ಪತ್ರೆಗಳಲ್ಲೂ ಕೊಡಬೇಕಾ?" ಅನ್ನೋ ಪ್ರಶ್ನೆಗೆ ಗುಂಪಿನ ಅಧ್ಯಯನವೇ ಬೇಕು. ಸಾವು, ಆಪರೇಷನ್‌ನಂಥ ಒಂದೇ ಸಲ ಆಗುವ ವಿಷಯಕ್ಕೂ ಅಷ್ಟೆ. ಪದೇಪದೇ ಅಳೆಯಲು ಬರುವ, ಸ್ಥಿರವಾಗಿರುವ ತೊಂದರೆ, ಒಬ್ಬೊಬ್ಬರಿಗೆ ಒಂದೊಂದು ಥರ ಇದ್ದಾಗ ನಿಮ್ಮ ದಾರಿ ಗಟ್ಟಿ. ಒಬ್ಬರಲ್ಲಿ ನಿಲ್ಲಿಸದೆ ಇನ್ನಿಬ್ಬರಲ್ಲಿ ಇದನ್ನೇ ಪೂರ್ತಿ ಮಾಡಿ. ಸಿನಾಪ್ಸಿಸ್ ಬರೆಯುವಾಗ 2016ರ ಸ್ಕ್ರೈಬ್ ಮಾರ್ಗಸೂಚಿ ಪಕ್ಕದಲ್ಲಿಟ್ಟುಕೊಳ್ಳಿ. ಈ ಬಗೆಯ ಅಧ್ಯಯನವನ್ನು ವರದಿ ಮಾಡಲೆಂದೇ ಅದನ್ನು ಮಾಡಿರೋದು, ಗೈಡ್‌ಗೂ ತೋರಿಸಬಹುದು.

ಇನ್ನೊಂದು, ಜೂನ್‌ನಲ್ಲಿ ಶುರು ಮಾಡಬೇಡಿ. ಮಳೆಗೆ ರಸ್ತೆ ಕಟ್ಟಾಗಿ ಬೇಸ್‌ಲೈನ್ ನಡುವೆ ವಾರಗಟ್ಟಲೆ ಖಾಲಿ ಬಿದ್ದರೆ ಎಲ್ಲಾ ಮೊದಲಿಂದ. ಕಾಫಿ ಕುಯ್ಲು ಜೋರಾದರೆ ಮನೆಯವರಿಗೆ ಕರೆದುಕೊಂಡು ಬರಲು ಪುರುಸೊತ್ತಿರಲ್ಲ. ಸೆಪ್ಟೆಂಬರ್ ಕೊನೆಗೆ ಶುರು ಮಾಡಿ, ಸಾಧ್ಯವಾದರೆ ಅವರ ಮನೆಗೇ ಹೋಗಿ ಅಳೆಯಿರಿ.