ಹಳೆಯ ಸ್ಯಾನ್ ಆಂಡ್ರಿಯಾಸ್ ಇದ್ದವರು ಡೆಫಿನಿಟಿವ್ ಎಡಿಷನ್ ಕೊಳ್ಳಬೇಕಾ?

ಪ್ರಶ್ನೆ: ಜಿಟಿಎ ಸ್ಯಾನ್ ಆಂಡ್ರಿಯಾಸ್ ಹಳೇದು ಸ್ಟೀಮ್‌ನಲ್ಲಿದೆ, ಈಗ ಡೆಫಿನಿಟಿವ್ ಎಡಿಷನ್ ಡಿಸ್ಕೌಂಟ್‌ಗೆ ಬಂದಿದೆ. ತಗೊಂಡ್ರೆ ದುಡ್ಡು ದಂಡ ಆಗುತ್ತಾ? ಲ್ಯಾಪ್‌ಟಾಪ್ 8 ಜಿಬಿ ರ‍್ಯಾಮ್, ಜಿಟಿಎಕ್ಸ್ 1650. ಊರು ವಿರಾಜಪೇಟೆ ಹತ್ತಿರ, ನೆಟ್ 10 ಎಂಬಿಪಿಎಸ್ ಸಿಕ್ಕಿದ್ರೆ ಪುಣ್ಯ.

ಉತ್ತರ: ಕೀಬೋರ್ಡ್‌ನಲ್ಲೇ ಆಡುವವರಾದರೆ ಸದ್ಯಕ್ಕೆ ಬೇಡ. ಕಂಟ್ರೋಲರ್ ಇದ್ದು, ಮಾಡ್ ಹಾಕುವ ರಗಳೆ ಬೇಡ ಅನ್ನುವುದಾದರೆ ಡಿಸ್ಕೌಂಟ್‌ನಲ್ಲಿ ತಗೊಳ್ಳಿ.

ಡೆಫಿನಿಟಿವ್ ಎಡಿಷನ್ ಅಂದರೆ ಹಳೆಯ ಆಟದ್ದೇ ರೀಮಾಸ್ಟರ್. ಅದರ ಬಗ್ಗೆ ಓದುವಾಗ ಮೊದಲು ತಾರೀಕು ನೋಡಿ. 2021ರ ನವೆಂಬರ್‌ನಲ್ಲಿ ಬಂದಾಗ ಜನ ಬೈದದ್ದು ಸುಮ್ಮನೆ ಅಲ್ಲ. ಮೊಬೈಲ್ ಆವೃತ್ತಿಯನ್ನು ಆಧಾರ ಮಾಡಿಕೊಂಡು ಅನ್‌ರಿಯಲ್ ಎಂಜಿನ್ 4ಕ್ಕೆ ತಂದಿದ್ದರು. ಮಳೆ ಬಂದರೆ ಬಿಳಿ ಗೆರೆಗಳು ಪರದೆ ತುಂಬಿ ರಸ್ತೆಯೇ ಕಾಣುತ್ತಿರಲಿಲ್ಲ. ಕಕ್ಕಡದ ಮಳೆಯಲ್ಲಿ ಗಾಡಿ ಓಡಿಸುವ ನಮಗೂ ಅದು ಅತಿಯೇ. ಇನ್ನೊಂದು, ದೂರದ ಮಂಜು ತೆಗೆದುಬಿಟ್ಟಿದ್ದರು. ಹಳೆಯ ಆಟದಲ್ಲಿ ಆ ಮಂಜಿನಿಂದಲೇ ಮ್ಯಾಪ್ ದೊಡ್ಡದು ಅನ್ನಿಸುತ್ತಿತ್ತು. ಅದು ಹೋದಮೇಲೆ ಒಂದು ಊರಿನಿಂದ ಮುಂದಿನ ಊರು ಕಾಣಿಸಿ, ಇಡೀ ರಾಜ್ಯ ಅಂಗೈಯಗಲ ಆಯಿತು. ಮಳೆಯನ್ನು ಮೊದಲ ಪ್ಯಾಚ್‌ಗಳಲ್ಲೇ ಸರಿ ಮಾಡಿದರು. 2024ರ ನವೆಂಬರ್‌ನಲ್ಲಿ ಬಂದ ದೊಡ್ಡ ಅಪ್‌ಡೇಟ್ ಹಳೆಯ ಬೆಳಕಿನ ಆಯ್ಕೆಯನ್ನೂ ಆ ಮಂಜನ್ನೂ ವಾಪಸ್ ತಂದಿತು. ಹಾಗಾಗಿ ಸ್ಟೀಮ್ ವಿಮರ್ಶೆಗಳಲ್ಲಿ ಆ ಅಪ್‌ಡೇಟ್ ನಂತರ ಬರೆದವನ್ನು ಮಾತ್ರ ಓದಿ.

ಇನ್ನು ನಿಮ್ಮ ಹಳೆಯ ಪ್ರತಿ. ಹೋಲಿಸಬೇಕಾದ್ದು ನೆನಪಿನಲ್ಲಿರುವ ಆಟದ ಜೊತೆ ಅಲ್ಲ, ಈಗ ಸ್ಟೀಮ್ ಇಳಿಸಿಕೊಡುವ ಆಟದ ಜೊತೆ. ಹಾಡುಗಳ ಲೈಸೆನ್ಸ್ ಮುಗಿದಿದ್ದರಿಂದ 2014ರ ಅಪ್‌ಡೇಟ್ ರೇಡಿಯೊದಿಂದ ಹಲವು ಹಾಡುಗಳನ್ನು ತೆಗೆದುಹಾಕಿತು. ಆ ಹಾಡುಗಳಿಗಾಗಿ ರೀಮಾಸ್ಟರ್ ಕೊಳ್ಳಬೇಡಿ, ಅಲ್ಲೂ ರೇಡಿಯೊ ಪೂರ್ತಿ ಇಲ್ಲ.

ದುಡ್ಡು ಕೊಡುವ ಮೊದಲು ಹಳೆಯದನ್ನೇ ಒಮ್ಮೆ ಸರಿ ಮಾಡಿ ನೋಡಿ. ಡೌನ್‌ಲೋಡ್ ಸುಮಾರು 5 ಜಿಬಿ. 10 ಎಂಬಿಪಿಎಸ್‌ನಲ್ಲಿ ಒಂದು ಗಂಟೆ ಚಿಲ್ಲರೆ. ಆಮೇಲೆ SilentPatch ಎಂಬ ಉಚಿತ ಪ್ಯಾಚ್ ಇಳಿಸಿ, ಅದರ ಫೈಲ್‌ಗಳನ್ನು gta-sa.exe ಇರುವ ಫೋಲ್ಡರ್‌ಗೇ ಹಾಕಿ. ಅದು ಕೆಲಸ ಮಾಡಲು, ಇಂಥ ಪ್ಯಾಚ್‌ಗಳನ್ನು ಆಟಕ್ಕೆ ಲೋಡ್ ಮಾಡುವ ASI Loader ಕೂಡ ಬೇಕು. ಇದನ್ನು ಮರೆತರೆ ಆಟ ಎಂದಿನಂತೆ ಶುರುವಾಗುತ್ತದೆ, ಎರರ್ ಏನೂ ಬರುವುದಿಲ್ಲ, ಪ್ಯಾಚ್ ಮಾತ್ರ ಹತ್ತಿರುವುದಿಲ್ಲ. ಪ್ಯಾಚ್ ಯಾಕೆ ಬೇಕು ಅನ್ನುವುದಕ್ಕೆ ಒಂದೇ ಉದಾಹರಣೆ: ವಿಂಡೋಸ್ 11ರ 24H2 ಅಪ್‌ಡೇಟ್ ಬಂದಮೇಲೆ ಆಟದಲ್ಲಿ ಸ್ಕಿಮ್ಮರ್ ಎಂಬ ನೀರಿನ ಮೇಲಿಳಿಯುವ ವಿಮಾನವೇ ಕಾಣೆಯಾಯಿತು. ಆ ವಿಮಾನದ ಡೇಟಾದಲ್ಲಿ ಚಕ್ರದ ಅಳತೆ ಮೊದಲಿನಿಂದಲೂ ಬರೆದೇ ಇರಲಿಲ್ಲ. ಮೆಮೊರಿಯಲ್ಲಿ ಉಳಿದಿದ್ದ ಹಳೆಯ ಸಂಖ್ಯೆಯ ಮೇಲೆ ಇಷ್ಟು ವರ್ಷ ನಡೆದುಕೊಂಡು ಬಂದಿತ್ತು. ಹೊಸ ವಿಂಡೋಸ್‌ನಲ್ಲಿ ಆ ಅದೃಷ್ಟ ಕೈಕೊಟ್ಟಿತು. ಸೈಲೆಂಟ್‌ಪ್ಯಾಚ್ ಅದನ್ನು ಸರಿಮಾಡಿದೆ.

ಸೆಟ್ಟಿಂಗ್‌ನಲ್ಲಿ Frame Limiter ಆನ್ ಆಗಿಯೇ ಇರಲಿ. ನಿಮ್ಮ 1650 ಈ ಆಟವನ್ನು ನೂರಾರು ಫ್ರೇಮ್‌ನಲ್ಲಿ ಓಡಿಸಬಲ್ಲದು, ತೊಂದರೆ ಇರುವುದೇ ಅಲ್ಲಿ. ಆಟದ ಕೆಲವು ಲೆಕ್ಕಾಚಾರ ಫ್ರೇಮ್ ಎಣಿಕೆಗೆ ಕಟ್ಟಿಕೊಂಡಿದೆ. ಲಿಮಿಟರ್ ಆಫ್ ಮಾಡಿ ಸಿಜೆಯನ್ನು ನೀರಿಗಿಳಿಸಿ ನೋಡಿ, ಕೈಕಾಲು ಬಡಿಯುತ್ತಾನೆ, ಸರಿಯಾಗಿ ಮುಂದೆ ಹೋಗುವುದಿಲ್ಲ.

ಇಷ್ಟು ಮಾಡಿದ ಮೇಲೂ ಬೇಸರ ಕಂಟ್ರೋಲ್‌ನ ಬಗ್ಗೆಯೇ ಉಳಿದರೆ, ಆಗ ಹೊಸದಕ್ಕೆ ದುಡ್ಡು ಕೊಡಲು ಕಾರಣ ಸಿಕ್ಕಿತು ಅಂತ ಅರ್ಥ. ಗುರಿ ಹಿಡಿಯುವುದು, ಬಂದೂಕು ಆರಿಸುವ ಚಕ್ರ ಎಲ್ಲ ಜಿಟಿಎ 5ರ ರೀತಿಯಲ್ಲಿವೆ. ಮಿಷನ್ ಸೋತರೆ ಕೂಡಲೇ ಮತ್ತೆ ಶುರು ಮಾಡಬಹುದು. ಹಳೆಯದರಲ್ಲಿ ಪ್ರತಿ ಸಲ ಊರು ದಾಟಿ ಮಿಷನ್ ಶುರುವಾಗುವ ಜಾಗಕ್ಕೆ ಗಾಡಿ ಓಡಿಸಬೇಕು. ನನ್ನ ಲೆಕ್ಕದಲ್ಲಿ ಹೊಸ ಟೆಕ್ಸ್ಚರ್‌ಗಿಂತ ಈ ಒಂದು ಸೌಕರ್ಯಕ್ಕೆ ಬೆಲೆ ಜಾಸ್ತಿ.

ಕೊಂಡರೆ ಸ್ಟೀಮ್‌ನಲ್ಲೇ ಕೊಳ್ಳಿ. 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಡೌನ್‌ಲೋಡ್ ಆದ ಹೊತ್ತು ಈ 2 ಗಂಟೆಗೆ ಸೇರುವುದಿಲ್ಲ, 14 ದಿನ ಮಾತ್ರ ಓಡುತ್ತಲೇ ಇರುತ್ತದೆ. ಸ್ಟೋರ್ ಪುಟದಲ್ಲಿರುವ ಗಾತ್ರ ನೋಡಿಕೊಳ್ಳಿ: ನಿಮ್ಮ ನೆಟ್‌ನಲ್ಲಿ ಪ್ರತಿ 10 ಜಿಬಿಗೆ ಎರಡೂಕಾಲು ಗಂಟೆ ಹಿಡಿಯಿರಿ. ಕರೆಂಟ್ ಹೋದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ, ಆದರೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಡಿದರೆ ವಾರ ಹೋಗುವುದೇ ಗೊತ್ತಾಗುವುದಿಲ್ಲ. ರಾಕ್‌ಸ್ಟಾರ್ ಲಾಂಚರ್‌ಗೆ ಲಾಗಿನ್ ಆಗಲು ಮೊದಲ ಸಲ ನೆಟ್ ಬೇಕೇ ಬೇಕು.

ಆ ಎರಡು ಗಂಟೆಯಲ್ಲಿ ಕಥೆ ಆಡುತ್ತಾ ಕೂರಬೇಡಿ. ಬ್ರೌಸರ್ ಮುಚ್ಚಿ, ಹಳೆಯ ಬೆಳಕಿನ ಆಯ್ಕೆ ಆನ್ ಮಾಡಿ, ಲಾಸ್ ಸ್ಯಾಂಟೋಸ್‌ನಲ್ಲಿ ರಾತ್ರಿ ಹೊತ್ತು ಜೋರಾಗಿ ಗಾಡಿ ಓಡಿಸಿ. ತಿರುವಿನಲ್ಲಿ ಆಟ ಗಕ್ಕೆಂದು ನಿಂತು ನಿಂತು ಹೋದರೆ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ನೋಡಿ. 90 ಶೇಕಡಾ ದಾಟಿದ್ದರೆ ಅಡ್ಡಿ ಬಹುಶಃ ನಿಮ್ಮ 8 ಜಿಬಿ ರ‍್ಯಾಮ್‌ನದ್ದು. ಈ ಆಟಕ್ಕೆ ಅದು ಕನಿಷ್ಠ ಮಟ್ಟ, ಶಿಫಾರಸು 16 ಜಿಬಿ. ಗ್ರಾಫಿಕ್ಸ್ ತಗ್ಗಿಸಿದರೂ ನಿಲ್ಲುವುದು ತಪ್ಪದಿದ್ದರೆ ರಿಫಂಡ್ ಹಾಕಿ, ಆ ದುಡ್ಡಿಗೆ ಇನ್ನೊಂದು 8 ಜಿಬಿ ರ‍್ಯಾಮ್ ಕಡ್ಡಿಯ ರೇಟ್ ವಿಚಾರಿಸಿ.