ಸಂದರ್ಶನಕ್ಕೆ ಮುಂಚೆ ಮೂರು ಸಾಲಿನ ಪತ್ರ

*ನನಗೆ ಎಡಗಿವಿ ಪೂರ್ತಿ ಕೇಳಿಸುವುದಿಲ್ಲ, ಬಲಗಿವಿಗೆ ಹಿಯರಿಂಗ್ ಏಡ್ ಇದೆ. ಖಾಸಗಿ ಕಂಪನಿಯೊಂದರಿಂದ ಕರೆ ಬಂದಿದೆ: ಮೊದಲ ಸುತ್ತು ಫೋನಿನಲ್ಲಿ, ಎರಡನೆಯದು ನಾಲ್ವರ ಮುಂದೆ. ಮುಂಚೆಯೇ ತಿಳಿಸಬೇಕೆ? ಎಷ್ಟು ಹೇಳಬೇಕು? ಸರ್ಟಿಫಿಕೇಟ್ ಕಳಿಸಬೇಕೆ?*
*– ಓದುಗರೊಬ್ಬರು, ಹಾಸನ*

ತಿಳಿಸಿ, ಆದರೆ ಕಾಯಿಲೆಯ ಕಥೆಯನ್ನಲ್ಲ. ಆ ದಿನ ಅವರು ಏನು ಮಾಡಬೇಕು ಎಂಬುದನ್ನಷ್ಟೇ ತಿಳಿಸಿ. ಇಂಥ ಪತ್ರಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ. ‘ನನಗೆ ಶ್ರವಣ ಸಮಸ್ಯೆ ಇದೆ, ದಯವಿಟ್ಟು ಸಹಕರಿಸಿ’ ಎಂದು ಬರೆದರೆ ಎಚ್‌ಆರ್‌ನವರು ‘ಖಂಡಿತ’ ಎಂದು ಉತ್ತರಿಸುತ್ತಾರೆ, ಮತ್ತೆ ಫೋನೇ ಮಾಡುತ್ತಾರೆ. ಅವರದು ಕೆಟ್ಟ ಮನಸ್ಸೇನಲ್ಲ, ಏನು ಬದಲಿಸಬೇಕೆಂದು ಪತ್ರದಲ್ಲಿ ಇರಲೇ ಇಲ್ಲ.

ಹಾಗಾಗಿ ಮೊದಲು ನಿಮ್ಮ ಅಗತ್ಯವನ್ನು ಲೆಕ್ಕ ಹಾಕೋಣ. ಸಾಮಾನ್ಯ ಫೋನ್ ಕರೆ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು. ಇಂದಿಗೂ ಎಷ್ಟೋ ಕರೆಗಳು ಹಾಗೇ ಇವೆ. ‘ಸ’, ‘ಫ’ದಂಥ ಸದ್ದುಗಳ ಗುರುತು ಬಹುಪಾಲು ಅದಕ್ಕಿಂತ ಮೇಲೆ ಇರುತ್ತದೆ. ಜೊತೆಗೆ ತುಟಿ ಕಾಣುವುದಿಲ್ಲ. ಆದ್ದರಿಂದ ಮೊದಲ ಸುತ್ತಿಗೆ ವಿಡಿಯೊ ಕರೆ ಕೇಳಿ, ಮಾತನ್ನು ಪರದೆಯ ಮೇಲೆ ಅಕ್ಷರದಲ್ಲಿ ತೋರಿಸುವ ಕ್ಯಾಪ್ಷನ್ ಹಾಕಿಕೊಳ್ಳಲು ಅವಕಾಶವಿರಲಿ ಎನ್ನಿ.

ಎರಡನೇ ಸುತ್ತಿನ ತೊಡಕು ಬೇರೆ. ಒಂದೇ ಕಿವಿ ಕೇಳುವವರಿಗೆ ಮಾತು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದು ಕಷ್ಟ. ನಾಲ್ವರಲ್ಲಿ ಯಾರು ಕೇಳಿದರೆಂದು ಹುಡುಕುವಷ್ಟರಲ್ಲಿ ಅರ್ಧ ಪ್ರಶ್ನೆ ಮುಗಿದಿರುತ್ತದೆ. ಇದಕ್ಕೆ ಕುರ್ಚಿಯೇ ಮದ್ದು. ಮೇಜಿನ ಎಡತುದಿಯಲ್ಲಿ ಕುಳಿತರೆ ನಾಲ್ವರೂ ನಿಮ್ಮ ಬಲಕ್ಕೆ ಬರುತ್ತಾರೆ. ಕಿಟಕಿ ಅವರ ಬೆನ್ನಿಗಿದ್ದರೆ ಮುಖ ನೆರಳಾಗಿ ತುಟಿ ಕಾಣದು. ಅದು ನಿಮ್ಮ ಬೆನ್ನಿಗಿರಲಿ. ಏಸಿ ಬಲಗಿವಿಯ ಪಕ್ಕದಲ್ಲೇ ಗುಂಯ್‌ಗುಟ್ಟಿದರೆ ಹಿಯರಿಂಗ್ ಏಡ್ ಅದನ್ನೂ ದೊಡ್ಡದು ಮಾಡುತ್ತದೆ. ಇದನ್ನೆಲ್ಲ ಪತ್ರದಲ್ಲಿ ತುಂಬಬೇಡಿ. ಕುರ್ಚಿ ಆರಿಸುವ ಅವಕಾಶ ಕೇಳಿದರೆ ಸಾಕು, ಉಳಿದದ್ದನ್ನು ಕೋಣೆಯೊಳಗೆ ಹೋಗಿ ನೀವೇ ನೋಡಿಕೊಳ್ಳಬಹುದು.

ಸಂದರ್ಶನದ ದಿನ ತಿಳಿಸಿ ಬಂದ ಇಮೇಲ್‌ಗೇ ಉತ್ತರವಾಗಿ, ಅದೇ ದಿನವೋ ಮರುದಿನವೋ, ಹೀಗೆ ಬರೆಯಿರಿ:

“ಸಂದರ್ಶನದ ಸಮಯ ನನಗೆ ಒಪ್ಪಿಗೆ. ನಾನು ಬಲಗಿವಿಯಲ್ಲಿ ಹಿಯರಿಂಗ್ ಏಡ್ ಬಳಸುತ್ತೇನೆ. ಮೊದಲ ಸುತ್ತನ್ನು ಫೋನಿನ ಬದಲು ಕ್ಯಾಪ್ಷನ್ ಇರುವ ವಿಡಿಯೊ ಕರೆಯಲ್ಲಿ ನಡೆಸಲು, ಎರಡನೇ ಸುತ್ತಿನಲ್ಲಿ ನಾನು ಕೂರುವ ಜಾಗ ಆರಿಸಿಕೊಳ್ಳಲು, ಮತ್ತು ಒಬ್ಬೊಬ್ಬರಾಗಿ ಮಾತಾಡುವಂತೆ ಪ್ಯಾನೆಲ್‌ಗೆ ತಿಳಿಸಲು ಕೋರುತ್ತೇನೆ. ಈ ಏರ್ಪಾಡು ಆಗುವುದೇ ಎಂದು ದಯವಿಟ್ಟು ಖಚಿತಪಡಿಸಿ.”

ಎಡಗಿವಿಯ ವಿಷಯ, ಡೆಸಿಬೆಲ್, ಕ್ಷಮಾಪಣೆ ಇದರಲ್ಲಿ ಇಲ್ಲವೆಂಬುದನ್ನು ಗಮನಿಸಿ. ‘ಕೆಲಸಕ್ಕೆ ಇದು ಅಡ್ಡಿಯಾಗದು’ ಎಂಬ ಮಾತೂ ಇಲ್ಲ. ಅವರಿಗೆ ಬಾರದ ಅನುಮಾನವನ್ನು ನೀವೇ ಏಕೆ ಹುಟ್ಟಿಸಬೇಕು? ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ. ಉತ್ತರ ಬೇಡುವ ಪತ್ರಕ್ಕೆ ಉತ್ತರ ಬರುತ್ತದೆ, ಆ ಉತ್ತರವೇ ನಿಮ್ಮ ದಾಖಲೆ.

ಸರ್ಟಿಫಿಕೇಟನ್ನು ತಾವಾಗಿಯೇ ಲಗತ್ತಿಸಬೇಡಿ. ಕೇಳಿದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಅಥವಾ ವೈದ್ಯರ ಚಿಕ್ಕ ಚೀಟಿ ಕೊಟ್ಟರಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ‘ಕಿವಿ ಮಂದ’ ಎಂದಾಗಲು ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಿರಬೇಕು. ನಿಮ್ಮ ಬಲಗಿವಿ ಆ ಗೆರೆಯ ಈಚೆಗಿದ್ದರೆ ಕಾರ್ಡ್ ಸಿಗದೇ ಹೋಗಬಹುದು. ಅಂಗವೈಕಲ್ಯ ಕನಿಷ್ಠ ಶೇ 40 ಇರಬೇಕೆಂಬ ಮಿತಿ ಮುಖ್ಯವಾಗಿ ಮೀಸಲಾತಿಯಂಥ ಸೌಲಭ್ಯಗಳಿಗೆ. ಅನುಕೂಲ ಕೇಳಲು ಆ ಮಿತಿ ದಾಟಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ, ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಬರೆಯುವಾಗ ಕೈ ಸೆಳೆಯುವ ತೊಂದರೆಯಿದ್ದ ಅಭ್ಯರ್ಥಿಗೆ ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರನ್ನು ಒದಗಿಸುವ ವಿಷಯ ಅದಾಗಿತ್ತು. ಖಾಸಗಿ ಕಂಪನಿಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು ಅದೇ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. 20 ಅಥವಾ ಹೆಚ್ಚು ನೌಕರರಿದ್ದರೆ ಆ ನೀತಿಯಲ್ಲಿ ಇನ್ನಷ್ಟು ವಿವರಗಳು, ಸಂಪರ್ಕ ಅಧಿಕಾರಿಯ ನೇಮಕ ಸೇರಿ, ಇರಬೇಕು. ಅದನ್ನು ಜಾಲತಾಣದಲ್ಲಿ ಹುಡುಕಿ ಓದಿಕೊಳ್ಳಿ, ಆದರೆ ಮೊದಲ ಪತ್ರದಲ್ಲೇ ಸೆಕ್ಷನ್ ಎತ್ತಬೇಡಿ. ನೆರವು ಕೇಳುವ ಪತ್ರ ನೋಟಿಸಿನಂತೆ ಓದಿಸಿಕೊಳ್ಳುತ್ತದೆ.

ಎರಡು ಕೆಲಸದ ದಿನ ಕಳೆದರೂ ಉತ್ತರವಿಲ್ಲದಿದ್ದರೆ ಅದೇ ಇಮೇಲ್‌ನ ಕೆಳಗೆ ಒಂದು ಸಾಲಿನ ಜ್ಞಾಪನೆ ಹಾಕಿ. ಅಷ್ಟಾದರೂ ಫೋನೇ ಬಂತೆನ್ನಿ: ‘ಇದನ್ನು ವಿಡಿಯೊಗೆ ಬದಲಿಸಲು ಕೇಳಿದ್ದೆ, ಈಗಲೇ ಲಿಂಕ್ ಕಳಿಸುತ್ತೀರಾ?’ ಎನ್ನಿ. ಕೇಳಿಸದೆಯೇ ‘ಹೂಂ’ ಎನ್ನುತ್ತಾ ಸಾಗಬೇಡಿ. ಅಡ್ಡಾದಿಡ್ಡಿ ಬಂದ ಉತ್ತರವನ್ನು ಅವರು ನಿಮ್ಮ ತಿಳಿವಳಿಕೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಎಚ್‌ಆರ್‌ಗೆ ಹೇಳಿದ್ದು ಪ್ಯಾನೆಲ್‌ವರೆಗೆ ತಲುಪದಿರುವುದೂ ಉಂಟು. ಆದ್ದರಿಂದ ನಮಸ್ಕಾರದ ಬೆನ್ನಿಗೇ ‘ನನಗೆ ಬಲಗಿವಿ ಮಾತ್ರ ಕೇಳಿಸುತ್ತದೆ ಸರ್, ಈ ತುದಿಯಲ್ಲಿ ಕೂರಲೇ?’ ಎಂದು ಕೇಳಿ ಕುರ್ಚಿ ಎಳೆದುಕೊಳ್ಳಿ.

– ಸಂಪಾದಕ