‘ಅಂತ ಹೇಳುತ್ತಾರೆ’ಯನ್ನು ಕತ್ತರಿಸಿದ್ದೇಕೆ?

*ಮಾನ್ಯ ಸಂಪಾದಕರೇ, ಕೋಲಾರ ಜಿಲ್ಲೆಯ ಒಂದು ಕೆರೆಯ ನೀರು ಹಂಚುವ ನೀರುಗಂಟಿಯವರ ಬಗ್ಗೆ 20 ನಿಮಿಷದ ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ. ಅವರದು, ಊರಿನ ಇತರರದು ಸೇರಿ ಏಳು ಗಂಟೆಯ ಸಂದರ್ಶನವಿದೆ. ಎಡಿಟಿಂಗ್ ತಂತ್ರಾಂಶ ತೆರೆಯುವ ಮೊದಲೇ ಪೇಪರ್ ಎಡಿಟ್ ಆಗಬೇಕೆಂದು ಮಾತೆಲ್ಲವನ್ನೂ ಬರೆದಿಳಿಸಿ, ಬೇಕಾದ್ದನ್ನು ಆರಿಸಿ ಜೋಡಿಸಿದ್ದೇನೆ. ಹಾಳೆಗಳು, ಪೂರ್ಣ ಬರಹ ಮತ್ತು ನೀರುಗಂಟಿಯವರ ಧ್ವನಿಮುದ್ರಣ ಇದರೊಂದಿಗಿವೆ. ಓದಲು ಸರಾಗವಾಗಿದೆ ಎಂದು ನನಗನ್ನಿಸಿದೆ. ಇನ್ನು ಸಂಕಲನಕ್ಕೆ ಕೂರಬಹುದೇ?*

ಕೂರಬೇಡಿ. ಇನ್ನೂ ಕೆಲವು ದಿನ ಆ ಕಂಪ್ಯೂಟರ್ ಮುಚ್ಚಿಯೇ ಇರಲಿ.

ಏಳು ಗಂಟೆಯ ಮಾತನ್ನು ಒಬ್ಬರೇ ಕುಳಿತು ಬರೆದಿಳಿಸಿದ್ದೀರಿ. ಅಷ್ಟು ಬೆನ್ನುನೋವು ಸಹಿಸುವವರು ಕಡಿಮೆ. ವಿಷಯದ ಆಯ್ಕೆಯೂ ಒಳ್ಳೆಯದು. ಇಷ್ಟು ಹೇಳಿ, ನನ್ನ ತಲೆ ಕೆಡಿಸಿದ ಒಂಬತ್ತನೆಯ ಸಾಲಿಗೆ ಬರುತ್ತೇನೆ.

ನಿಮ್ಮ ಹಾಳೆಯಲ್ಲಿ ನೀರುಗಂಟಿಯವರು ಹೀಗೆ ಹೇಳುತ್ತಾರೆ: “ಇದು ಬೆಂಗಳೂರಿನ ನೀರು. ಈ ನೀರು ನಿಂತರೆ ಮಣ್ಣು ಹಾಳಾಗುತ್ತದೆ.” ಇಲ್ಲಿಗೆ ಸಾಲು ಮುಗಿದಿದೆ. ಅನುಮಾನ ಬಂದು ಪೂರ್ಣ ಬರಹದಲ್ಲಿ ಅದೇ ಜಾಗವನ್ನು ಹುಡುಕಿದೆ. ಅಲ್ಲಿರುವುದು: “ಈ ನೀರು ನಿಂತರೆ ಮಣ್ಣು ಹಾಳಾಗುತ್ತದೆ ಅಂತ ಮೇಲಿನ ಊರಿನವರು ಹೇಳುತ್ತಾರೆ. ನನಗೇನೂ ಹಾಗೆ ಕಂಡಿಲ್ಲ. ಬತ್ತಿದ ಬೋರಿನಲ್ಲಿ ನೀರು ಬಂದಿದೆ.”

ಮೇಲಿನ ಊರಿನವರ ಮಾತನ್ನು ತಂದು, ಅದನ್ನು ಒಪ್ಪದ ಮನುಷ್ಯನ ಬಾಯಿಗೆ ಹಾಕಿದ್ದೀರಿ. ಬೇಕೆಂದೇ ಮಾಡಿದಿರೆಂದು ನಾನು ಹೇಳುತ್ತಿಲ್ಲ. ‘ಸಮಸ್ಯೆ’ ಎಂಬ ತಲೆಬರಹದ ಕೆಳಗೆ ಒಂದು ಗಟ್ಟಿ ಮಾತು ಬೇಕಿತ್ತು. ಪೆನ್ಸಿಲ್ ಹಿಡಿದು ಓದುತ್ತಾ ಹೋದಾಗ ಕಣ್ಣು ಅಲ್ಲಿ ನಿಂತಿತು. ಆದರೆ ಕನ್ನಡದಲ್ಲಿ ಯಾರ ಮಾತು ಯಾರದು ಎಂಬುದು ವಾಕ್ಯದ ಕೊನೆಯಲ್ಲಿ ಗೊತ್ತಾಗುತ್ತದೆ. ಹೌದೋ ಅಲ್ಲವೋ ಎಂಬುದೂ ಅಲ್ಲಿಯೇ. “ಅವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ” ಎಂಬ ವಾಕ್ಯದ ಕೊನೆಯ ಮೂರು ಪದಗಳನ್ನು ಬಿಟ್ಟರೆ ಮೊಕದ್ದಮೆ ಬೀಳುವಂಥ ಆರೋಪ ಉಳಿಯುತ್ತದೆ. ತಂತ್ರಾಂಶದಲ್ಲಿ ಇಂಥ ಕಡಿತ ಮಾಡಿದರೆ ಕೇಳುವಾಗಲಾದರೂ ಎಡವಟ್ಟು ಗೊತ್ತಾಗುತ್ತದೆ, ಏಕೆಂದರೆ ದನಿ ಇನ್ನೂ ಇಳಿದಿರುವುದಿಲ್ಲ. ಹಾಳೆಯ ಮೇಲೆ ಪೂರ್ಣವಿರಾಮವೊಂದನ್ನು ಇಟ್ಟುಬಿಟ್ಟರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ.

ಇದಕ್ಕೆ ಸರಳವಾದ ಒಂದು ತಡೆ ಇದೆ. ಆರಿಸಿದ ಪ್ರತಿ ಬೈಟಿನ, ಅಂದರೆ ಮಾತಿನ ತುಣುಕಿನ ಕೆಳಗೆ, ಅದರ ಹಿಂದಿನ ಒಂದು ವಾಕ್ಯವನ್ನೂ ಮುಂದಿನ ಎರಡು ವಾಕ್ಯಗಳನ್ನೂ ಸಣ್ಣ ಅಕ್ಷರದಲ್ಲಿ ಬರೆದಿಡಿ. ಕೇಳಿದ ಪ್ರಶ್ನೆ ಏನೆಂಬುದನ್ನೂ ಬರೆಯಿರಿ. ಹಾಳೆ ಕೊಳಕಾಗುತ್ತದೆ, ಆಗಲಿ. ವಾರ ಕಳೆದು ಓದಿದಾಗ, ಯಾವುದರ ನಡುವಿನಿಂದ ಏನನ್ನು ಕಿತ್ತು ತಂದಿದ್ದೀರಿ ಎಂಬುದು ಎದುರಿಗೇ ಇರುತ್ತದೆ.

ಒಂಬತ್ತನೆಯ ಸಾಲನ್ನು ಇಲ್ಲಿಗೇ ಬಿಡಲಾರೆ. ಧ್ವನಿಮುದ್ರಣದಲ್ಲಿ ಆ ಜಾಗವನ್ನು ಕೇಳಿದೆ. “ಬೋರಿನಲ್ಲಿ ನೀರು ಬಂದಿದೆ” ಎಂದ ಮೇಲೆ ಅವರು ಸುಮ್ಮನಾಗುತ್ತಾರೆ. ಗಡಿಯಾರ ಹಿಡಿದು ನೋಡಿದೆ, ಒಂಬತ್ತು ಸೆಕೆಂಡ್. ನೀವು ಮುಂದಿನ ಪ್ರಶ್ನೆ ಕೇಳದೆ ಕಾದಿದ್ದೀರಿ, ಅದು ಒಳ್ಳೆಯದಾಯಿತು. ಆಮೇಲೆ ಅವರು ಹೇಳುವುದು: “ಕೆರೆ ತುಂಬಿದೆ. ತೂಬು ಎತ್ತುವ ಹಾಗಿಲ್ಲ. ನನಗೇನು ಕೆಲಸ?”

ಇದು ನಿಮ್ಮ ಹಾಳೆಯಲ್ಲಿ ಎಲ್ಲಿಯೂ ಇಲ್ಲ! ಪೂರ್ಣ ಬರಹದಲ್ಲಿದೆ, ಆದರೆ ಮುಂದಿನ ಪುಟದಲ್ಲಿ, ಹೊಸ ಪ್ಯಾರಾ ಆಗಿ, ಅಂಚಿನಲ್ಲಿ ‘ವಿಷಯಾಂತರ’ ಎಂಬ ಷರಾದೊಂದಿಗೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಹೆಚ್ಚಿಸುವುದಕ್ಕೆ ಬಿಟ್ಟ ನೀರು. ತೂಬಿನಿಂದ ನೇರವಾಗಿ ಗದ್ದೆಗೆ ಹರಿಸಲು ಅಲ್ಲ. ನೀರುಗಂಟಿಯ ಕಸುಬು ಇರುವುದೇ ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಹಂಚುವುದರಲ್ಲಿ. ಮಳೆ ಇಲ್ಲದೆ ಕೆರೆ ಬತ್ತಿದ್ದಾಗ ಅವರಿಗೆ ಕೆಲಸವಿರಲಿಲ್ಲ, ಈಗ ಕೆರೆ ತುಂಬಿಯೂ ಕೆಲಸವಿಲ್ಲ. ನಿಮ್ಮ ಇಪ್ಪತ್ತು ನಿಮಿಷದ ಚಿತ್ರ ತಿರುಗಬೇಕಾದ ಜಾಗ ಇದು. ಅದನ್ನು ಬಿಟ್ಟು, ಅವರು ಆಡದ ಮಾತನ್ನು ಆಡಿಸಿದ್ದೀರಿ.

ಏಕೆ ತಪ್ಪಿತು? ನೀವು ಬರೆದಿಳಿಸಿದ ರೀತಿಯಿಂದ. ನಿಮ್ಮ ಬರಹದಲ್ಲಿ ಮೌನಗಳಿಲ್ಲ, ಉಸಿರಿಲ್ಲ, ‘ಅದೇನೋ’ ‘ಹಾಂ’ಗಳಿಲ್ಲ. ಅವರ ಮಾತನ್ನೆಲ್ಲ ಪುಸ್ತಕದ ಕನ್ನಡಕ್ಕೆ ತಿರುಗಿಸಿದ್ದೀರಿ. ಧ್ವನಿಮುದ್ರಣದಲ್ಲಿ ಅವರು ನಡುನಡುವೆ ತೆಲುಗಿಗೆ ಹೊರಳುತ್ತಾರೆ. ಹಾಳೆಯಲ್ಲಿ ಒಂದು ತೆಲುಗು ಪದವೂ ಇಲ್ಲ. ಹನ್ನೊಂದನೆಯ ಸಾಲು ಅರ್ಧಕ್ಕರ್ಧ ತೆಲುಗು, ಅದಕ್ಕೆ ಪರದೆಯ ಕೆಳಗೆ ಅಕ್ಷರ ಬೇಕು ಎಂಬುದು ನಿಮ್ಮ ಹಾಳೆಯನ್ನು ನೋಡಿದ ಯಾರಿಗೂ ತಿಳಿಯುವುದಿಲ್ಲ. ಪತ್ರಿಕೆಯ ಸಂದರ್ಶನವಾಗಿದ್ದರೆ ಹೀಗೆ ತಿದ್ದುವುದು ಸರಿ. ಇಲ್ಲಿ ನೀವು ಆರಿಸುವುದು ಧ್ವನಿಮುದ್ರಣದಲ್ಲಿರುವ ದನಿಯನ್ನು, ಹಾಳೆ ಅದರ ಗುರುತು ಮಾತ್ರ.

ನಾನು ಈ ಕೆಲಸ ಕಲಿತದ್ದು 1990ರ ದಶಕದ ಮೊದಲ ವರ್ಷಗಳಲ್ಲಿ, ಬೆಂಗಳೂರಿನಲ್ಲಿ. ಚಿತ್ರೀಕರಣವಾಗುತ್ತಿದ್ದುದು ಅರ್ಧ ಗಂಟೆಯ ಬೀಟಾಕ್ಯಾಮ್ ಕ್ಯಾಸೆಟ್‌ಗಳಲ್ಲಿ. ಎಡಿಟಿಂಗ್ ಕೋಣೆಗೆ ಗಂಟೆಯ ಲೆಕ್ಕದ ಬಾಡಿಗೆ. ಒಂದು ಟೇಪಿನಿಂದ ಇನ್ನೊಂದು ಟೇಪಿಗೆ ಸಾಲಾಗಿ ದಾಖಲಿಸುತ್ತಾ ಹೋಗುವ ಕೆಲಸ ಅದು. ಐದನೆಯ ನಿಮಿಷದಲ್ಲಿ ಒಂದು ಬೈಟ್ ಸೇರಿಸಬೇಕೆಂದರೆ ಅಲ್ಲಿಂದ ಮುಂದಿನದನ್ನೆಲ್ಲ ಮತ್ತೆ ಹಾಕಬೇಕು, ಇಲ್ಲವೇ ಇನ್ನೊಂದು ಟೇಪಿಗೆ ನಕಲಿಸಿ ಚಿತ್ರದ ಗುಣಮಟ್ಟ ಕಳೆದುಕೊಳ್ಳಬೇಕು. ಹಾಗಾಗಿ ಆ ಕೋಣೆಗೆ ಹೋಗುವ ಮೊದಲೇ ಎಲ್ಲವೂ ಹಾಳೆಯ ಮೇಲೆ ತೀರ್ಮಾನವಾಗಿರಬೇಕಿತ್ತು. ಸಮಯ ತೋರಿಸುವ ಟೈಮ್‌ಕೋಡ್ ಅಂಕಿಗಳು ಚಿತ್ರದ ಮೇಲೆಯೇ ಕಾಣುವಂಥ ವಿಎಚ್‌ಎಸ್ ಪ್ರತಿ ಮಾಡಿಸಿ, ಮನೆಗೆ ತಂದು ಕೇಳುತ್ತಿದ್ದೆವು. ನಮ್ಮ ಮೇಷ್ಟ್ರು ಟಿವಿ ಪರದೆಗೆ ಟವೆಲ್ ಹೊದಿಸಿ, ಅಂಕಿಗಳ ಪಟ್ಟಿಯೊಂದನ್ನು ಮಾತ್ರ ಬಿಡುತ್ತಿದ್ದರು. ಮುಖ ನೋಡಿದರೆ ಎಲ್ಲರ ಮೇಲೂ ಪ್ರೀತಿ ಬರುತ್ತದೆ, ಮೊದಲು ಕೇಳು ಎನ್ನುತ್ತಿದ್ದರು. ಕೇಳುತ್ತಾ ಬರೆಯುವಾಗ ಉಸಿರಿಗೆ ಒಂದು ಓರೆಗೆರೆ, ಮೌನಕ್ಕೆ ಎರಡು. ಮೌನ ಮೂರು ಸೆಕೆಂಡ್ ಮೀರಿದರೆ ಎಷ್ಟೆಂದು ಅಂಕಿ. ದನಿ ಕೆಳಗಿಳಿದು ಮಾತು ಮುಗಿದರೆ ಕೆಳಮುಖದ ಬಾಣ, ಮೇಲೆಯೇ ತೂಗುತ್ತಿದ್ದರೆ ಮೇಲ್ಮುಖದ ಬಾಣ. ಕೆಳಮುಖದ ಬಾಣವಿಲ್ಲದ ಕಡೆ ಕತ್ತರಿಸಿದ ಚೀಟಿಯನ್ನು ಅವರು ಮಾತಿಲ್ಲದೆ ಕಸದ ಬುಟ್ಟಿಗೆ ಹಾಕುತ್ತಿದ್ದರು. ನನಗೆ ಆಗ ಅದು ದಬ್ಬಾಳಿಕೆ ಎನ್ನಿಸುತ್ತಿತ್ತು. ಸ್ವಲ್ಪ ಮಟ್ಟಿಗೆ ದಬ್ಬಾಳಿಕೆಯೇ, ಆದರೆ ಆ ಬಾಣಗಳನ್ನು ನಾನು ಇಂದಿಗೂ ಬಿಟ್ಟಿಲ್ಲ.

ಅವುಗಳ ಉಪಯೋಗ ಏನೆಂಬುದು ನಿಮ್ಮ ನಾಲ್ಕನೆಯ ಸಾಲಿನಲ್ಲಿ ಕಾಣುತ್ತದೆ. ಅಲ್ಲಿ ನೀವು ಎರಡು ತುಣುಕುಗಳನ್ನು ಹೊಲಿದಿದ್ದೀರಿ. ಮೊದಲನೆಯದು: “ತೂಬಿಗೆ ಪೂಜೆ ಮಾಡಿ, ಕೋಳಿ ಕೊಯ್ದು, ಊರಿನವರನ್ನೆಲ್ಲ ಕರೆದು.” ಅಲ್ಲಿಂದ ಸುಮಾರು ನಲವತ್ತು ನಿಮಿಷ ಆಚೆಗೆ ಹಾರಿ, ಬೇರೊಂದು ಉತ್ತರದಿಂದ “ಕೊನೆಯ ಗದ್ದೆಗೆ ಮೊದಲು ನೀರು ಬಿಡುತ್ತಿದ್ದೆವು” ಎಂಬುದನ್ನು ತಂದಿದ್ದೀರಿ. ಓದಿದರೆ ಎಷ್ಟು ಚೆಂದದ ವಾಕ್ಯ! ಕೇಳಿ ನೋಡಿ. ‘ಮಾಡಿ’, ‘ಕೊಯ್ದು’, ‘ಕರೆದು’ ಎನ್ನುವಾಗ ಪ್ರತಿ ಸಲವೂ ಅವರ ದನಿ ಮೇಲೇರಿ, ಇನ್ನೂ ಇದೆ ಎಂದು ಸೂಚಿಸುತ್ತದೆ. ಎರಡನೆಯ ತುಣುಕು ಹೊಸ ಉತ್ತರದ ಆರಂಭ, ತಗ್ಗಿದ ದನಿಯಲ್ಲಿ ಶುರುವಾಗುತ್ತದೆ. ಮೇಲೆ ತೂಗುತ್ತಿದ್ದ ರಾಗ ಅಲ್ಲಿ ತಟ್ಟನೆ ಕುಸಿಯುತ್ತದೆ. ಅದೂ ಅಲ್ಲದೆ ಮೊದಲನೆಯದನ್ನು ಕೆರೆಯ ಏರಿಯ ಮೇಲೆ ಗಾಳಿಯಲ್ಲಿ ಹಿಡಿದಿದ್ದೀರಿ, ಎರಡನೆಯದರ ಹಿಂದೆ ಬೋರ್‌ವೆಲ್ ಮೋಟಾರಿನ ಸದ್ದಿದೆ. ಮೇಲೆ ಕೆರೆಯ ದೃಶ್ಯ ಹೊದಿಸಿದರೆ ಹಾರಿದ ಚಿತ್ರ ಮುಚ್ಚಿಹೋಗುತ್ತದೆ. ದನಿ ಕುಸಿದದ್ದನ್ನು ಮುಚ್ಚಲು ಯಾವ ದೃಶ್ಯಕ್ಕೂ ಆಗುವುದಿಲ್ಲ.

ಇಲ್ಲಿ ಎರಡೇ ದಾರಿ. ಅವರು ಆ ವಾಕ್ಯವನ್ನು ತಾವೇ ಮುಗಿಸುವವರೆಗೂ ಬಿಡಿ. ನಾನು ಕೇಳಿದೆ, “ಕರೆದು” ಆದ ಮೇಲೆ ಮೊಮ್ಮಗನನ್ನು ಗದರಿಸಿ, ಮತ್ತೆ ಬಂದು “ಆಮೇಲೆ ತೂಬು ಎತ್ತುವುದು” ಎಂದು ಮುಗಿಸುತ್ತಾರೆ. ಆ ಗದರಿಕೆ ಇರಲಿ, ಚೆನ್ನಾಗಿದೆ. ಇಲ್ಲವಾದರೆ ಪೂಜೆಯನ್ನು ಕೈಬಿಟ್ಟು ಕೊನೆಯ ಗದ್ದೆಯ ಮಾತನ್ನು ಸ್ವತಂತ್ರವಾಗಿ ಇಡಿ. ಅದು ತನ್ನಷ್ಟಕ್ಕೆ ಆರಂಭವಾಗಿ ತನ್ನಷ್ಟಕ್ಕೆ ಮುಗಿಯುತ್ತದೆ.

ಇನ್ನು ಸಮಯ. ನಿಮ್ಮ ಪಟ್ಟಿಯಲ್ಲಿ ‘14ನೇ ನಿಮಿಷ’, ‘52ನೇ ನಿಮಿಷ’ ಎಂದಷ್ಟೇ ಇದೆ. ಬೈಟ್ ಎಲ್ಲಿ ಆರಂಭ, ಎಲ್ಲಿ ಮುಕ್ತಾಯ, ಎರಡೂ ಬೇಕು, ಸೆಕೆಂಡಿನವರೆಗೆ. ಫ್ರೇಮ್ ಲೆಕ್ಕ ಈ ಹಂತದಲ್ಲಿ ಬೇಡ. ಎರಡನೆಯ ಸಾಲನ್ನೇ ನೋಡಿ. ಹಾಳೆಯಲ್ಲಿ ಅದು ಎರಡೂವರೆ ಗೆರೆಯ ಮಾತು, ನಾನು ಓದಿದರೆ ಹದಿನೈದು ಸೆಕೆಂಡ್. ಮುದ್ರಣದಲ್ಲಿ ಅದು 00:14:32ಕ್ಕೆ ಆರಂಭವಾಗಿ 00:15:19ಕ್ಕೆ ಮುಗಿಯುತ್ತದೆ, ಅಂದರೆ 47 ಸೆಕೆಂಡ್. ಅವರು ನಿಧಾನಿ, ಬೀಡಿ ಎಳೆಯುತ್ತಾ ಮಾತಾಡುತ್ತಾರೆ. ನೀವು ನಾಲ್ಕು ನಿಮಿಷವೆಂದು ಬರೆದಿರುವ ಮೊದಲ ಭಾಗ ಹೀಗೆ ಕೂಡಿಸಿದರೆ ಏಳು ನಿಮಿಷ ದಾಟುತ್ತದೆ, ಅದೂ ಕೆರೆಯ ಒಂದು ದೃಶ್ಯವನ್ನೂ ಸುಮ್ಮನೆ ನೋಡಲು ಬಿಡದೆ. ಪ್ರತಿ ಸಾಲಿನ ಬಲಗಡೆ ಅವಧಿ, ಅದರ ಪಕ್ಕದಲ್ಲಿ ಅಲ್ಲಿಯವರೆಗಿನ ಒಟ್ಟು ಮೊತ್ತ ಬರೆಯುತ್ತಾ ಹೋಗಿ. ಮೊತ್ತ ಹದಿಮೂರು ಹದಿನಾಲ್ಕು ನಿಮಿಷ ಮುಟ್ಟಿದಾಗ ನಿಲ್ಲಿಸಿ, ಉಳಿದದ್ದು ದೃಶ್ಯಕ್ಕೆ ಮತ್ತು ಮೌನಕ್ಕೆ. ಕ್ಯಾಮೆರಾ ಕಾರ್ಡ್ ಬದಲಾದಾಗ ಅಂಕಿ ಮತ್ತೆ ಸೊನ್ನೆಯಿಂದ ಆರಂಭವಾಗಿರುವ ಸಾಧ್ಯತೆಯೂ ಇದೆ, ಆದ್ದರಿಂದ C0012.MP4 ಎಂಬಂಥ ಕಡತದ ಹೆಸರನ್ನು ಪ್ರತಿ ಸಾಲಿನಲ್ಲಿಯೂ ಬರೆಯಿರಿ. ಬರಿಯ ‘52ನೇ ನಿಮಿಷ’ ಹಿಡಿದುಕೊಂಡು ಎಷ್ಟು ಕಡತ ತೆರೆದು ಹುಡುಕುತ್ತೀರಿ?

ರೈತ ಮಹಿಳೆಯ ಭಾಗ, ಎಂಜಿನಿಯರ್ ಅವರ ಭಾಗ, ನಿಮ್ಮ ನಿರೂಪಣೆಯ ಕನ್ನಡ, ಇವುಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ನೀರುಗಂಟಿಯವರ ಮುದ್ರಣವನ್ನು ಮಾತ್ರ ಮೊದಲಿನಿಂದ ಕೇಳಿ, ಬಾಣಗಳೊಂದಿಗೆ ಮತ್ತೆ ಬರೆಯಿರಿ, ತೆಲುಗನ್ನು ತೆಲುಗಾಗಿಯೇ ಬಿಡಿ. ಒಂಬತ್ತನೆಯ ಸಾಲಿನ ಜಾಗದಲ್ಲಿ “ಅಂತ ಮೇಲಿನ ಊರಿನವರು ಹೇಳುತ್ತಾರೆ” ಎಂಬುದರಿಂದ “ನನಗೇನು ಕೆಲಸ?” ಎನ್ನುವವರೆಗೆ, ಆ ಒಂಬತ್ತು ಸೆಕೆಂಡನ್ನೂ ಸೇರಿಸಿ, ಎಷ್ಟು ಉದ್ದ ಬರುತ್ತದೆಂದು ಅಳೆದು ಕಳಿಸಿ. ಅದು ಚಿತ್ರದ ಯಾವ ನಿಮಿಷದಲ್ಲಿ ಬರಬೇಕೆಂಬುದರ ಬಗ್ಗೆ ಆಮೇಲೆ ಜಗಳವಾಡೋಣ.